ಕೇಳಿ ಪಡೆದ ಒಳ್ಳೆಯ ಮಾತು

ಪಾಪಕುರಾದ ನಮ್ಮ ಮನೆಯ ಊಟದ ಮೇಜಿನ ಮೇಲೆ ಕುಳಿತು ಮೂರು ಸಂಜೆ ನಾನು ಒಂದೇ ಒಂದು ಇಮೇಲ್ ಬರೆಯುತ್ತಿದ್ದೆ. ಲೆಕ್ಕ ಬರೆದುಕೊಟ್ಟ ಒಬ್ಬ ಗಿರಾಕಿಯನ್ನು ಎರಡು ವಿಷಯ ಕೇಳಬೇಕಿತ್ತು. ನನ್ನ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದುಕೊಡಿ, ನಿಮ್ಮಂಥವರು ಇನ್ನಾರಾದರೂ ಇದ್ದರೆ ನನ್ನ ಹೆಸರು ಹೇಳಿ. ಇಷ್ಟೇ. ಇಲ್ಲಿ ಹುಲ್ಲು ಕತ್ತರಿಸುವವನೂ ಕೆಲಸ ಮುಗಿಸಿ ಹೊರಡುವಾಗ ಇದನ್ನು ನಗುತ್ತಾ ಕೇಳಿ ಹೋಗುತ್ತಾನೆ. ನನಗೆ ಬೆರಳೇ ಏಳಲಿಲ್ಲ.

ಅದಕ್ಕೆ ಕಾರಣ ಹುಬ್ಬಳ್ಳಿಯಲ್ಲಿತ್ತು. ಕೊಪ್ಪೀಕರ ರಸ್ತೆಯ ಹತ್ತಿರದ ಒಂದು ಆಫೀಸಿನಲ್ಲಿ ನಾನು ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ನಮ್ಮ ಸರ್ ಒಂದು ಮಾತು ಹೇಳುತ್ತಿದ್ದರು: ‘ಪಾರ್ಟಿ ತಾನಾಗಿ ಬರಬೇಕು ತಮ್ಮಾ, ನಾವು ಕರೀಲಿಕ್ಕೆ ಹೋಗಬಾರದು.’ ಅದು ಬರೀ ಅವರ ಸ್ವಾಭಿಮಾನದ ಮಾತಲ್ಲ, ಕಾನೂನೇ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಪ್ರಾಕ್ಟೀಸಿನಲ್ಲಿರುವ ಸಿ.ಎ. ಪತ್ರದಿಂದಾಗಲಿ ಜಾಹೀರಾತಿನಿಂದಾಗಲಿ ಖುದ್ದಾಗಿ ಭೇಟಿಯಾಗಿಯಾಗಲಿ ಕೆಲಸ ಕೇಳಿಕೊಂಡು ಹೋಗುವುದನ್ನು ವೃತ್ತಿ ದುರ್ನಡತೆಯೆಂದೇ ಬರೆದಿದ್ದಾರೆ. ನಾನೀಗ ಅಲ್ಲಿ ಪ್ರಾಕ್ಟೀಸಿನಲ್ಲಿಲ್ಲ, ಆ ನಿಯಮ ನನಗಿಲ್ಲಿ ತಗಲುವುದಿಲ್ಲ. ಆದರೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಮೈಯಿಂದ ಅಷ್ಟು ಸುಲಭವಾಗಿ ಬಿಡುತ್ತದೆಯೇ?

ಕೇಳದಿದ್ದರೂ ನಡೆಯುವಂತಿರಲಿಲ್ಲ. ನ್ಯೂಜಿಲೆಂಡಿನ ತೆರಿಗೆ ಇಲಾಖೆಯಲ್ಲಿ ಟ್ಯಾಕ್ಸ್ ಏಜೆಂಟ್ ಎಂದು ನೋಂದಾಯಿಸಿಕೊಳ್ಳಬೇಕಾದರೆ ಕನಿಷ್ಠ ಹತ್ತು ಮಂದಿಯ ವಾರ್ಷಿಕ ರಿಟರ್ನನ್ನು ನಾವು ಮಾಡುತ್ತಿರಬೇಕು. ನನ್ನ ಬಳಿ ಇದ್ದವರು ಏಳು. ಇದು ಬರೀ ಹೆಸರಿನ ಮುಂದೆ ಹಾಕಿಕೊಳ್ಳುವ ಬಿರುದಿನ ಮಾತಲ್ಲ. ಸ್ವಂತವಾಗಿ ರಿಟರ್ನ್ ಸಲ್ಲಿಸುವವರಿಗೆ ಜುಲೈ 7 ಗಡುವು. ಏಜೆಂಟರ ಪಟ್ಟಿಯಲ್ಲಿದ್ದವರಿಗೆ ಸಾಮಾನ್ಯವಾಗಿ ಮರುವರ್ಷದ ಮಾರ್ಚ್ 31ರವರೆಗೆ ಸಮಯ. ಆ ಸಮಯ ಕೊಡಲಾಗದ ಲೆಕ್ಕಿಗನನ್ನು ಗಿರಾಕಿ ಎಷ್ಟು ವರ್ಷ ಸಹಿಸುತ್ತಾನೆ? ಇನ್ನೂ ಮೂವರು ಸಿಗದಿದ್ದರೆ ಇದ್ದ ಏಳರಲ್ಲೂ ಕೆಲವರು ಕೈಬಿಡುವ ಲಕ್ಷಣವಿತ್ತು.

ನಾನು ಬರೆಯಬೇಕೆಂದುಕೊಂಡ ಗಿರಾಕಿ ಹೊಸ ಮನೆಗಳಿಗೆ ಪೇಂಟ್ ಮಾಡುವವನು. ಅವನ ತೊಂದರೆ ಏನಿತ್ತೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಸೆಪ್ಟೆಂಬರ್ ಕೊನೆಗೆ ಅವನು ಬಿಲ್ಡರನಿಗೆ 23,000 ಡಾಲರಿನ ಇನ್‌ವಾಯ್ಸ್ ಕಳಿಸಿದ ಅಂದುಕೊಳ್ಳಿ. ಇಲ್ಲಿ ಜಿ.ಎಸ್.ಟಿ. ಶೇಕಡಾ 15, ಅಂದರೆ ಅದರೊಳಗೆ 3,000 ಸರ್ಕಾರದ್ದು. ಅವನು ಇನ್‌ವಾಯ್ಸ್ ಪದ್ಧತಿಯಲ್ಲಿದ್ದ. ಹಾಗಾಗಿ ಬಿಲ್ಡರ್ ದುಡ್ಡು ಕೊಟ್ಟಿರಲಿ ಬಿಡಲಿ, ಅಕ್ಟೋಬರ್ 28ಕ್ಕೆ ಆ ಮೂರು ಸಾವಿರ ಕಟ್ಟಲೇಬೇಕು. ಬಿಲ್ಡರ್ ಕೊಡುವುದು ನವೆಂಬರ್ ಕೊನೆಗೆ. ಪ್ರತಿ ಎರಡು ತಿಂಗಳಿಗೊಮ್ಮೆ ಅವನು ಕ್ರೆಡಿಟ್ ಕಾರ್ಡಿನಿಂದ ತೆರಿಗೆ ಕಟ್ಟುತ್ತಿದ್ದ. ವಹಿವಾಟು 20 ಲಕ್ಷ ಡಾಲರಿನೊಳಗಿದ್ದರೆ ಪಾವತಿ ಪದ್ಧತಿಗೆ ಬದಲಾಗಬಹುದು. ಆಗ ದುಡ್ಡು ಕೈಗೆ ಬಂದ ಅವಧಿಯಲ್ಲಿ ಕಟ್ಟಿದರಾಯಿತು. ನಾನು ಮಾಡಿಸಿದ್ದು ಅದನ್ನೇ. ಪೇಂಟ್ ಅಂಗಡಿಯ ಉದ್ರಿಯ ಮೇಲಿನ ಜಿ.ಎಸ್.ಟಿ.ಯನ್ನೂ ಇನ್ನು ದುಡ್ಡು ಕೊಟ್ಟ ಮೇಲೆಯೇ ಹಿಂದೆ ಪಡೆಯಬೇಕು ಎಂದು ಮೊದಲೇ ಎಚ್ಚರಿಸಿದ್ದೆ. ಮುಂದಿನ ಗಡುವು ಕಳೆದ ದಿನ ಅವನ ಮೆಸೇಜ್ ಬಂತು: ಕಸುಬು ಶುರು ಮಾಡಿದ ಮೇಲೆ 27ರ ರಾತ್ರಿ ನಿದ್ದೆ ಮಾಡಿದ್ದು ಇದೇ ಮೊದಲು, ಅಂತ.

ಮೆಸೇಜ್ ಬಂದ ಸಂಜೆಯೇ ನಾನು ಕೇಳಬೇಕಿತ್ತು. ಬದಲಿಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ಧೈರ್ಯ ಬಂದದ್ದು ಎರಡು ವಾರದ ಮೇಲೆ. ಮೊದಲ ಕರಡಿನಲ್ಲಿ ‘ನನ್ನ ಸೇವೆಯಿಂದ ತಾವು ಸಂತುಷ್ಟರಾಗಿದ್ದಲ್ಲಿ’ ಎಂದು ಶುರುವಾಗಿ ‘ತಮ್ಮ ಸ್ನೇಹಿತ ವರ್ಗಕ್ಕೆ ಶಿಫಾರಸು ಮಾಡಬೇಕಾಗಿ ವಿನಂತಿ’ ಎಂದು ಮುಗಿಯುತ್ತಿತ್ತು. ಹೆಂಡತಿ ಹಿಂದಿನಿಂದ ಬಗ್ಗಿ ಓದಿ, ‘ಬ್ಯಾಂಕಿನ ನೋಟೀಸ್ ಇದ್ದಂಗೈತಲ್ರೀ’ ಅಂದಳು. ಅವಳ ಮಾತು ನಿಜವಾಗಿತ್ತು. ಅದನ್ನು ಓದಿದ ಪೇಂಟರ್ ಏನು ಬರೆಯಬೇಕು? ಯಾವ ಸ್ನೇಹಿತನನ್ನು ನೆನಪಿಸಿಕೊಳ್ಳಬೇಕು? ಸಾಯಂಕಾಲ ಏಣಿಯಿಂದಿಳಿದು ಬಂದವನಿಗೆ ನಾನು ಪ್ರಬಂಧ ಬರೆಯುವ ಕೆಲಸ ಕೊಡುತ್ತಿದ್ದೆ.

ಎರಡನೇ ಕರಡಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಯಾರನ್ನಾದರೂ ಕಳಿಸಿಕೊಟ್ಟರೆ ಮುಂದಿನ ಫೀಸಿನಲ್ಲಿ ನೂರು ಡಾಲರ್ ಬಿಡುತ್ತೇನೆ ಎಂದು ಸೇರಿಸಿದೆ. ಬರೆದ ಮೇಲೆ ಮನಸ್ಸಿಗೆ ಚುಚ್ಚಿತು. ನೂರು ಡಾಲರ್ ಪಡೆದವನು ‘ಒಳ್ಳೆಯ ಲೆಕ್ಕಿಗ’ ಅಂದರೆ, ಆ ನೂರರ ಮಾತನ್ನೂ ಕೇಳುವವನಿಗೆ ಹೇಳಬೇಕಾಗುತ್ತದೆ. ಹೇಳದಿದ್ದರೆ ಮೋಸ, ಹೇಳಿದರೆ ಅದಕ್ಕೆ ಶಿಫಾರಸಿನ ಬೆಲೆ ಉಳಿಯುವುದಿಲ್ಲ. ಅಳಿಸಿದೆ.

ಕೊನೆಗೆ ಹೋದದ್ದು ಹೀಗಿತ್ತು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಂದಿದ್ದೇನೆ:

‘ಹಾಯ್, 27ರ ರಾತ್ರಿ ನಿದ್ದೆ ಬಂತು ಎಂದು ನೀವು ಬರೆದಿದ್ದಿರಲ್ಲ, ಆ ಮಾತನ್ನು ನಿಮ್ಮ ಶಬ್ದಗಳಲ್ಲೇ ನನ್ನ ವೆಬ್‌ಸೈಟಿನಲ್ಲಿ ಹಾಕಿಕೊಳ್ಳಬಹುದೇ? ಮೊದಲು ಹೇಗಿತ್ತು, ಏನು ಬದಲಾಯಿತು ಎಂದು ಇನ್ನೊಂದೆರಡು ಸಾಲು ಸೇರಿಸಿದರೆ ಉಪಕಾರ. ನಿಮ್ಮ ಹೆಸರು, ಕಸುಬು, ಊರು ಇವುಗಳಲ್ಲಿ ಯಾವುದನ್ನು ಹಾಕಬಹುದು ತಿಳಿಸಿ. ಹಾಕುವ ಮುಂಚೆ ನಿಮಗೆ ತೋರಿಸುತ್ತೇನೆ.

‘ಇನ್ನೊಂದು ಮಾತು. ಬಿಲ್ಡರ್ ದುಡ್ಡು ಕೊಡುವ ಮುಂಚೆಯೇ ಜಿ.ಎಸ್.ಟಿ. ಕಟ್ಟುತ್ತಿರುವ ಟೈಲ್ಸಿನವರೋ ಪ್ಲಂಬರೋ ನಿಮಗೆ ಗೊತ್ತಿದ್ದರೆ ಈ ಇಮೇಲನ್ನು ಅವರಿಗೆ ಕಳಿಸಿ. ಅವರ ನಂಬರ್ ನನಗೆ ಬೇಡ, ಬೇಕೆನಿಸಿದರೆ ಅವರೇ ಫೋನ್ ಮಾಡಲಿ. ಎರಡೂ ಬೇಡವೆನಿಸಿದರೆ ಉತ್ತರ ಬರೆಯುವ ಅಗತ್ಯವಿಲ್ಲ, ನಿಮ್ಮ ಮುಂದಿನ ರಿಟರ್ನ್ ಎಂದಿನಂತೆ ನಡೆಯುತ್ತದೆ.’

ಉತ್ತರ ಮರುದಿನ ಬೆಳಿಗ್ಗೆ ಆರೂವರೆಗೆ ಬಂತು: ‘ಆಗಲಿ, ನೀನೇ ಏನಾದರೂ ಬರೆದುಕೋ, ನಾನು ಹೂಂ ಅಂತೀನಿ.’ ಒಂದು ಕ್ಷಣ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಾನು ಬರೆದಿದ್ದರೆ ‘ವೃತ್ತಿಪರ’, ‘ನಂಬಿಕಸ್ಥ’, ‘ಸಕಾಲಿಕ’ ಎಲ್ಲವೂ ಬಂದು ಕೂರುತ್ತಿದ್ದವು, ಮತ್ತು ಓದಿದ ಪೇಂಟರುಗಳೆಲ್ಲ ಇದು ಲೆಕ್ಕಿಗನ ಬರಹ ಎಂದು ಕಂಡುಹಿಡಿಯುತ್ತಿದ್ದರು. ಇಲ್ಲಿಯ 1986ರ ಫೇರ್ ಟ್ರೇಡಿಂಗ್ ಕಾಯ್ದೆಯ ಪ್ರಕಾರ ವ್ಯಾಪಾರದಲ್ಲಿ ಜನರನ್ನು ದಾರಿ ತಪ್ಪಿಸುವ ಮಾತು ಅಪರಾಧ ಬೇರೆ. ಹಾಗಾಗಿ ಅವನ ಹಳೆಯ ಮೆಸೇಜುಗಳಿಂದಲೇ ಮೂರು ವಾಕ್ಯ ಆರಿಸಿ, ಒಂದಕ್ಷರ ತಿದ್ದದೆ, ಜೋಡಿಸಿ ಕಳಿಸಿದೆ.

ಅದರಲ್ಲೊಂದು ವಾಕ್ಯ ತಡವಾಗಿ ದುಡ್ಡು ಕೊಡುವ ಬಿಲ್ಡರನ ಬಗ್ಗೆ ಇತ್ತು. ಅದನ್ನವನು ತೆಗೆಸಿದ. ‘ಅವನ ಮೂರು ಮನೆ ನನ್ನ ಕೈಯಲ್ಲಿವೆ, ಓದಿದರೆ ತನ್ನ ಬಗ್ಗೆಯೇ ಅಂತ ಗೊತ್ತಾಗುತ್ತೆ’ ಅಂದ. ನನಗೆ ಅದು ಎಲ್ಲಕ್ಕಿಂತ ಒಳ್ಳೆಯ ವಾಕ್ಯವಾಗಿ ಕಂಡಿತ್ತು. ತೋರಿಸದೆ ಹಾಕಿದ್ದರೆ ಅವನ ಅನ್ನಕ್ಕೇ ಕಲ್ಲು ಹಾಕಿದಂತಾಗುತ್ತಿತ್ತು. ಈಗ ವೆಬ್‌ಸೈಟಿನಲ್ಲಿರುವುದು ಎರಡೇ ವಾಕ್ಯ, ಕೆಳಗೆ ಹೆಸರಿಲ್ಲ, ‘ಪೇಂಟರ್, ಪಾಪಕುರಾ’ ಎಂದಷ್ಟೇ.

ಹತ್ತು ದಿನದ ಮೇಲೆ ಒಬ್ಬ ಟೈಲ್ಸಿನವನು ಫೋನ್ ಮಾಡಿದ. ಶನಿವಾರ ಗ್ರೇಟ್ ಸೌತ್ ರೋಡಿನ ಒಂದು ಕೆಫೆಯಲ್ಲಿ ಸಿಕ್ಕೆವು. ಎರಡು ವರ್ಷದ ರಸೀದಿಗಳನ್ನು ಗಮ್ ಬೂಟಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದ. ಅರ್ಧದಷ್ಟು ಸಿಮೆಂಟಿನ ಧೂಳಿಗೆ ಅಂಟಿಕೊಂಡಿದ್ದವು. ನಾನು ಒಂದೊಂದಾಗಿ ಬಿಡಿಸತೊಡಗಿದೆ. ಎಂಟನೆಯವನು.