ಎರಡು ರೂಪಾಯಿಯ ಟಿಕೆಟ್ಟು

ಯಂತ್ರ ಬರುವ ಮೊದಲು ಕಂಡಕ್ಟರ್ ಕೊಡುತ್ತಿದ್ದ ಟಿಕೆಟ್ಟಿನಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ, ಯಾವ ಬಸ್ಸು, ಏನೂ ಇಲ್ಲ. ಬೆರಳುದ್ದದ ತೆಳು ಕಾಗದ, ನಡುವೆ ದಪ್ಪಕ್ಷರದಲ್ಲಿ ಬೆಲೆ, ಮೇಲೊಂದು ಕ್ರಮಸಂಖ್ಯೆ, ಅಂಚಿನಗುಂಟ ಸಣ್ಣ ಅಂಕಿಗಳ ಸಾಲು. ಆ ಅಂಕಿಗಳಲ್ಲೊಂದರ ಮೇಲೆ ಕಂಡಕ್ಟರ್ ಪಂಚ್ ಒತ್ತಿ ತೂತು ಹಾಕುತ್ತಿದ್ದ. ಕಾಲೇಜಿಗೆ ದಿನವೂ ಬಸ್ಸಿನಲ್ಲೇ ಓಡಾಡುತ್ತಿದ್ದ ನನಗೆ ಆ ತೂತು ಏನೆಂದು ತಿಳಿದಿರಲಿಲ್ಲ. ಟಿಕೆಟ್ ಕೊಟ್ಟಾಯಿತು ಎಂಬುದಕ್ಕೆ ಗುರುತು ಎಂದಷ್ಟೇ ಅಂದುಕೊಂಡಿದ್ದೆ. ತಿಳಿದಿದ್ದರೆ ತುಂಬಿದ ಬಸ್ಸಿನಲ್ಲಿ ಒಬ್ಬ ಮರ್ಯಾದಸ್ಥನ ಮೇಲೆ ಕಳ್ಳತನ ಹೊರಿಸುತ್ತಿರಲಿಲ್ಲ.

ಬಸ್ಸಿನ ದಾರಿಯನ್ನು ಸ್ಟೇಜುಗಳಾಗಿ ಭಾಗ ಮಾಡಿರುತ್ತಾರೆ. ಬಸ್ಸು ನಿಲ್ಲುವ ಜಾಗವೆಲ್ಲ ಸ್ಟೇಜಲ್ಲ. ಎರಡು ಸ್ಟೇಜುಗಳ ನಡುವೆ ಅರಳಿಕಟ್ಟೆ, ತೋಟದ ಗೇಟು, ಶಾಲೆ ಅಂತ ನಾಲ್ಕು ಕಡೆ ನಿಲ್ಲಿಸಿದರೂ ದರದ ಲೆಕ್ಕ ಸ್ಟೇಜಿನದೇ. ಹೊರಡುವ ನಿಲ್ದಾಣ 1, ಮುಂದಿನದು 2, ಹೀಗೆ ಕೊನೆಯ ಊರಿನವರೆಗೆ. ನಮ್ಮ ದಾರಿಯಲ್ಲಿ ತೂತು ಬೀಳುತ್ತಿದ್ದುದು ಹತ್ತಿದ ಸ್ಟೇಜಿನ ಅಂಕಿಯ ಮೇಲೆ. ಇಳಿಯುವ ಸ್ಟೇಜನ್ನು ಎಲ್ಲೂ ಗುರುತು ಮಾಡುತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಹೊರಟದ್ದು ಎಲ್ಲಿಂದ ಎಂದು ತೂತು ಹೇಳುತ್ತದೆ, ಎಷ್ಟು ದೂರಕ್ಕೆ ಎಂದು ಬೆಲೆ ಹೇಳುತ್ತದೆ, ಎರಡನ್ನೂ ಕೂಡಿಸಿದರೆ ಇಳಿಯಬೇಕಾದ ಜಾಗ ತಾನಾಗಿ ಸಿಗುತ್ತದೆ. ದರಪಟ್ಟಿ ಬಾಯಿಪಾಠ ಇದ್ದವನಿಗೆ ಅದನ್ನು ಓದಲು ಒಂದು ನೋಟ ಸಾಕು.

ನಾನು ಹತ್ತುತ್ತಿದ್ದುದು ಮೂರನೇ ಸ್ಟೇಜಿನಲ್ಲಿ, ಇಳಿಯುತ್ತಿದ್ದುದು ಎಂಟರಲ್ಲಿ. ಆಗ ಒಂದು ಸ್ಟೇಜಿಗೆ 2 ರೂಪಾಯಿ, ಮೂರಕ್ಕೆ 5, ಐದಕ್ಕೆ 7. ಏಳು ರೂಪಾಯಿಯ ಟಿಕೆಟ್ಟೇ ಬ್ಲಾಕಿನಲ್ಲಿ ಇರುತ್ತಿರಲಿಲ್ಲ. ಐದರದೊಂದು, ಎರಡರದೊಂದು ಹರಿದು, ಎರಡನ್ನೂ ಒಟ್ಟಿಗೆ ಹಿಡಿದು ಮೂರರ ಮೇಲೆ ಪಂಚ್ ಒತ್ತಿ ಕೊಡುತ್ತಿದ್ದರು. ಅಂದರೆ ಎರಡು ಕಾಗದ ಸೇರಿ ಒಂದು ಟಿಕೆಟ್ಟು. ಒಂದು ಹೋದರೆ ಉಳಿದದ್ದು ಅರ್ಧ ದಾರಿಯ ಟಿಕೆಟ್ಟು ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಆವತ್ತು ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಎರಡು ರೂಪಾಯಿಯ ಟಿಕೆಟ್ಟನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಂಡು ಆಚೆ ಎಸೆದೆ. ಈ ಚಟ ಇರುವುದು ನನಗೊಬ್ಬನಿಗೇ ಅಲ್ಲ ಎಂದು ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತು. ಐದರದು ಜೇಬಿನಲ್ಲಿತ್ತು. ಏಳನೇ ಸ್ಟೇಜಿನಲ್ಲಿ ಚೆಕಿಂಗ್‌ನವರು ಹತ್ತಿದರು. ಒಬ್ಬರು ಮುಂಬಾಗಿಲಲ್ಲಿ, ಇನ್ನೊಬ್ಬರು ಹಿಂಬಾಗಿಲಲ್ಲಿ. ಬಸ್ಸು ನಿಂತೇ ಇತ್ತು. ಇನ್‌ಸ್ಪೆಕ್ಟರ್ ನನ್ನ ಟಿಕೆಟ್ಟನ್ನು ಬೆಳಕಿಗೆ ಹಿಡಿದವರೇ ಕೇಳಿದರು.

"ಮೂರರಲ್ಲಿ ಹತ್ತೀಯ, ಐದು ರೂಪಾಯಿ. ಇದು ಆರಕ್ಕೇ ಮುಗೀತಲ್ಲಪ್ಪ. ಎಲ್ಲಿಗೆ ಹೋಗ್ಬೇಕು ನೀನು?"

"ಎಂಟಕ್ಕೆ" ಎನ್ನಲೂ ನನಗೆ ಬರಲಿಲ್ಲ. ಕಾಲೇಜು ಎಂದೆ. ಏಳು ರೂಪಾಯಿ ಕೊಟ್ಟಿದ್ದೇನೆ ಎಂದೆ. "ಮತ್ತೆ ಇನ್ನೆರಡರ ಟಿಕೆಟ್ ಎಲ್ಲಿ?" ಎಂದಾಗ ಇಡೀ ಬಸ್ಸು ನನ್ನ ಕಡೆ ತಿರುಗಿತ್ತು. ಗೊತ್ತಿಲ್ಲ, ಎಸೆದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: "ಕಂಡಕ್ಟರ್ ಇದೊಂದೇ ಕೊಟ್ಟಿದ್ದು ಸಾರ್."

ಆ ಮಾತಿನ ತೂಕ ನನಗೆ ತಿಳಿಯದಿದ್ದರೂ ಬಸ್ಸಿನಲ್ಲಿದ್ದ ಹಿರಿಯರಿಗೆ ತಿಳಿದಿತ್ತು. ದುಡ್ಡು ಇಸಿದುಕೊಂಡು ಟಿಕೆಟ್ ಕೊಡದೇ ಇರುವುದು ಕಂಡಕ್ಟರ್ ಮೇಲೆ ಬರಬಹುದಾದ ಆರೋಪಗಳಲ್ಲಿ ಅತಿ ಕೆಟ್ಟದ್ದು. ಟಿಕೆಟ್ ಕೊಡಲು ತಡವಾಯಿತು, ಸ್ಟೇಜು ತಪ್ಪಾಗಿ ಪಂಚ್ ಆಯಿತು ಎಂಬುದೆಲ್ಲ ಬೇರೆ. ಇದು ನೌಕರಿಗೇ ಬರುವಂಥದ್ದು. ಆ ಮನುಷ್ಯ ನನ್ನನ್ನು ಬೈಯಲಿಲ್ಲ. "ತಮ್ಮಾ, ಎರಡೂ ಸೇರಿಸಿ ಕೊಟ್ಟೀನಿ, ಸರಿಯಾಗಿ ನೋಡ್ಕೋ" ಎಂದರು, ಅಷ್ಟೇ. ಎಸೆದದ್ದು ನೆನಪಿಗೆ ಬಂದಿದ್ದರೂ ನಾನು ಜೇಬು ತಡಕುವ ನಾಟಕ ಮಾಡಿದೆ.

ಇನ್‌ಸ್ಪೆಕ್ಟರ್ ಮೊದಲು ತೆಗೆದದ್ದು ವೇ ಬಿಲ್ಲು. ಪ್ರತಿ ಸ್ಟೇಜು ಬಂದಾಗಲೂ ಕಂಡಕ್ಟರ್ ಅದರಲ್ಲಿ ಒಂದು ಸಾಲು ತುಂಬಬೇಕು. ಒಂದೊಂದು ಬೆಲೆಯ ಬ್ಲಾಕಿನಲ್ಲೂ ಮುಂದೆ ಹರಿಯಬೇಕಾದ ಟಿಕೆಟ್ಟಿನ ಸಂಖ್ಯೆ ಏನು ಎಂದು ಬರೆದು ಆ ಸ್ಟೇಜನ್ನು ಕ್ಲೋಸ್ ಮಾಡಬೇಕು. ಎಲ್ಲರಿಗೂ ಟಿಕೆಟ್ ಆಗುವವರೆಗೆ ಬಸ್ಸನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿಕೊಳ್ಳುತ್ತಿದ್ದುದು ಇದಕ್ಕೇ. ನಾವು ಹಿಂದಿನಿಂದ ರೈಟ್ ರೈಟ್ ಎಂದು ಕೂಗುತ್ತಿದ್ದೆವು. ವೇ ಬಿಲ್ಲಿನಲ್ಲಿ ಎರಡು ರೂಪಾಯಿಯ ಕಾಲಮ್ಮಿನ ಮೂರನೇ ಸ್ಟೇಜಿನ ಎದುರು ಕೊನೆಯ ಎರಡಂಕಿ 41, ನಾಲ್ಕನೆಯದರ ಎದುರು 44. ಅಂದರೆ ಮೂರರಲ್ಲಿ ಹತ್ತಿದವರಿಗೆ 41, 42, 43, ಒಟ್ಟು ಮೂರು ಟಿಕೆಟ್ ಮಾರಾಟವಾಗಿವೆ. ನನ್ನ ಹಿಂದಿನ ಸೀಟಿನ ಅಜ್ಜಿ ಎಲೆಯಡಿಕೆ ಚೀಲದಿಂದ ತಮ್ಮ ಎರಡು ಟಿಕೆಟ್ ತೆಗೆದು ತೋರಿಸಿದರು. ಅವರ ಹತ್ತಿರ 41 ಇತ್ತು. 43 ನನ್ನ ಸಹಪಾಠಿಯೊಬ್ಬನ ಪುಸ್ತಕದೊಳಗಿತ್ತು. 42 ಎಲ್ಲೂ ಇರಲಿಲ್ಲ.

ಆಮೇಲೆ ದುಡ್ಡಿನ ಲೆಕ್ಕ. ಕಂಡಕ್ಟರ್ ಡ್ಯೂಟಿ ಶುರು ಮಾಡುವಾಗ ತನ್ನ ಜೇಬಿನಲ್ಲಿ ಸ್ವಂತದ್ದು ಎಷ್ಟಿದೆ ಎಂದು ವೇ ಬಿಲ್ಲಿನಲ್ಲಿ ಬರೆದಿರಬೇಕು. ಅದನ್ನು ಕಳೆದು ಬ್ಯಾಗಿನಲ್ಲಿ ಉಳಿಯುವುದು ಹರಿದ ಟಿಕೆಟ್ಟುಗಳ ಮೊತ್ತಕ್ಕೆ ಸರಿಯಾಗಬೇಕು. ನಾನು ಹೇಳಿದ್ದು ನಿಜವಾಗಿದ್ದರೆ ಎರಡು ರೂಪಾಯಿ ಹೆಚ್ಚಿಗೆ ಸಿಗಬೇಕಿತ್ತು. ಚರ್ಮದ ಬ್ಯಾಗನ್ನು ಸೀಟಿನ ಮೇಲೆ ಸುರಿದು ನೋಟು, ಚಿಲ್ಲರೆ ಎಲ್ಲ ಎಣಿಸಿದರು. ಲೆಕ್ಕ ಸರಿಯಾಗಿತ್ತು.

ಅಷ್ಟಾದ ಮೇಲೆ ನನ್ನನ್ನು ಬಿಟ್ಟುಬಿಡುತ್ತಾರೆ ಅಂದುಕೊಂಡೆ. 42 ಮಾರಾಟವಾದದ್ದು ಅವರಿಗೇ ಕಾಣುತ್ತಿತ್ತಲ್ಲ! ಇನ್‌ಸ್ಪೆಕ್ಟರ್ ಹೇಳಿದ ಮಾತು ಇವತ್ತಿಗೂ ಒಪ್ಪುವಂಥದ್ದು: "ಮಾರಿದ್ದು ನಿಜ, ನಿನಗೇ ಮಾರಿದ್ದು ಅನ್ನೋಕೆ ಏನಿದೆ?" ಎರಡು ರೂಪಾಯಿ ಕೊಟ್ಟು ನಾಲ್ಕನೇ ಸ್ಟೇಜಿನಲ್ಲಿ ಇಳಿದುಹೋದ ಯಾರದೋ ಟಿಕೆಟ್ಟೂ ಅದಾಗಿರಬಹುದು. ವೇ ಬಿಲ್ಲು ಕಂಡಕ್ಟರನ ಪರವಾಗಿ ಸಾಕ್ಷಿ ಹೇಳುತ್ತದೆ, ಪ್ರಯಾಣಿಕನ ಪರವಾಗಿ ಹೇಳುವುದು ಕೈಯಲ್ಲಿರುವ ಕಾಗದ ಒಂದೇ. ಆಗ ಎಸೆದೆ ಎಂದು ಒಪ್ಪಿಕೊಂಡೆ. ದಂಡ ಕಟ್ಟಿದೆ. ಪುಸ್ತಕಕ್ಕೆಂದು ಅಪ್ಪ ಕೊಟ್ಟ ದುಡ್ಡು ಅದರಲ್ಲೇ ಹೋಯಿತು. ಕಂಡಕ್ಟರಿಗೆ ತಪ್ಪಾಯಿತು ಎಂದು ಹೇಳುವ ಧೈರ್ಯ ಬರುವಷ್ಟರಲ್ಲಿ ಅವರನ್ನು ಬೇರೆ ರೂಟಿಗೆ ಹಾಕಿದ್ದರು. ಮುಂದೆ ನಾನು ಅವರನ್ನು ನೋಡಲಿಲ್ಲ.

ಎಸೆದ ಟಿಕೆಟ್ಟಿಗೆ ಇಷ್ಟೊಂದು ರಂಪ ಯಾಕೆ ಎಂಬ ಸಿಟ್ಟು ಮಾತ್ರ ಬಹಳ ದಿನ ಇತ್ತು. ಅದು ಇಳಿದದ್ದು ನಿವೃತ್ತ ಕಂಡಕ್ಟರೊಬ್ಬರ ಜೊತೆ ಕೂತು ಮಾತಾಡಿದ ಮೇಲೆ. ಬಿದ್ದ ಟಿಕೆಟ್ಟು ಬಸ್ಸಿನಲ್ಲಿ ಬರೀ ಕಸವಲ್ಲ. ಇಳಿಯುವವರು ಬಿಟ್ಟುಹೋದದ್ದನ್ನು ಆಯ್ದು ಮುಂದಿನ ಸ್ಟೇಜಿನಲ್ಲಿ ಹತ್ತಿದವರಿಗೆ ಮತ್ತೆ ಕೊಟ್ಟರೆ ಆ ದುಡ್ಡು ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ತಡೆಯಲೆಂದೇ ತೂತು. ಪೆನ್ನಿನ ಗುರುತನ್ನು ತಿದ್ದಬಹುದು, ತೂತನ್ನು ಮುಚ್ಚಲಾಗದು. ಐದರಲ್ಲಿ ಹತ್ತಿದವನ ಕೈಯಲ್ಲಿ ಮೂರರ ತೂತಿನ ಟಿಕೆಟ್ಟಿದ್ದರೆ, ಅದರ ಸಂಖ್ಯೆ ಐದನೇ ಸ್ಟೇಜಿನ ಸಾಲಿಗಿಂತ ಹಿಂದಿನದಾಗಿದ್ದರೆ, ಅಲ್ಲೇ ಸಿಕ್ಕಿಬಿದ್ದಂತೆ. ಎರಡು ಗುರುತೂ ಹೊಂದಬೇಕು. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಸಣ್ಣ ಕಾಗದವನ್ನು ಕಿವಿ ಕೆರೆಯಲು ಬಳಸಿದ್ದೆನಲ್ಲ ಎಂದು ಆಗ ನಿಜಕ್ಕೂ ನಾಚಿಕೆಯಾಯಿತು.

ಈಗ ಯಂತ್ರದ ಟಿಕೆಟ್ಟು. ಹತ್ತಿದ ಊರು, ಇಳಿಯುವ ಊರು, ದಿನಾಂಕ, ಹೊತ್ತು, ಎಷ್ಟು ಜನ ಎಂಬುದೆಲ್ಲ ಅದರ ಮೇಲೇ ಅಚ್ಚಾಗಿರುತ್ತದೆ. ಹಾಗಾಗಿ ತಪ್ಪುಗಳ ರೂಪವೂ ಬದಲಾಗಿದೆ. ಮನೆಮಂದಿಗೆಲ್ಲ ಸೇರಿ ಒಂದೇ ಚೀಟಿ ಬರುತ್ತದೆ. ಅದನ್ನು ಜೇಬಿಗಿಟ್ಟುಕೊಂಡ ಯಜಮಾನರು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರೆ ಮುಂದೆ ಕೂತ ಹೆಂಡತಿ ಮಕ್ಕಳು ತನಿಖೆಯವರಿಗೆ ಉತ್ತರ ಕೊಡಬೇಕು. ಅವಸರದಲ್ಲಿ ಕಂಡಕ್ಟರ್ ಹಿಂದಿನ ಸ್ಟೇಜನ್ನೇ ಒತ್ತಿರಬಹುದು, ಮೂವರ ಬದಲು ಇಬ್ಬರು ಎಂದು ಬಂದಿರಬಹುದು. ಅವರು ಪಕ್ಕದಲ್ಲಿ ನಿಂತಿರುವಾಗಲೇ ಓದಿ ಹೇಳಿದರೆ ಸರಿಪಡಿಸಿಕೊಳ್ಳಬಹುದು. ಎರಡು ಸ್ಟೇಜು ದಾಟಿದ ಮೇಲೆ ಹೇಳಿದರೆ ಜಗಳ. ಈ ಕಾಗದ ಬಿಸಿಗೆ ಕಪ್ಪಾಗುತ್ತದೆ, ಬೆವರಿಗೆ, ಉಜ್ಜಾಟಕ್ಕೆ ಅಕ್ಷರ ಮಾಸುತ್ತದೆ. ಅಂಗೈಯಲ್ಲಿ ಮುದುಡಿ ಹಿಡಿಯುವ ಬದಲು ಪರ್ಸಿನಲ್ಲಿ ಮಡಿಸದೆ ಇಡಿ. ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುವ ರೂಢಿ ಇನ್ನೂ ಹೋಗಿಲ್ಲ. ಚೀಟಿ ಕಳೆದರೆ ಆ ದುಡ್ಡೂ ಹೋದಂತೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಓಡಾಡುವ ಹೆಣ್ಣುಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ದುಡ್ಡೇ ಕೊಟ್ಟಿಲ್ಲ, ಚೀಟಿ ಯಾತಕ್ಕೆ ಎಂದು ಬಿಸಾಡುವವರನ್ನು ದಿನಾ ನೋಡುತ್ತೇನೆ. ಶೂನ್ಯ ಟಿಕೆಟ್ಟಿನ ಮೇಲೂ ಎಲ್ಲಿಂದ ಎಲ್ಲಿಗೆ ಎಂದು ಇರುತ್ತದೆ, ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಟಿಕೆಟ್ಟುಗಳ ಲೆಕ್ಕದ ಮೇಲೇ. ಆದ್ದರಿಂದ ತನಿಖೆಯವರಿಗೆ ಅದೂ ಉಳಿದವುಗಳಂಥದೇ ಟಿಕೆಟ್ಟು.

ಇಳಿದ ಕೂಡಲೇ ಎಸೆಯಬಹುದಲ್ಲ ಎಂದರೆ ಅದೂ ಪೂರ್ತಿ ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಕಲಂ ಬಸ್ಸಿನೊಳಗೆ ಇರುವವರಿಗಷ್ಟೇ ಅಲ್ಲ, ಬಸ್ಸಿನಿಂದ ಇಳಿದವರಿಗೂ ಅನ್ವಯಿಸುತ್ತದೆ. ಕೇಳಿದಾಗ ಟಿಕೆಟ್ ತೋರಿಸದಿದ್ದರೆ 500 ರೂಪಾಯಿವರೆಗೆ ದಂಡ ಹಾಕಬಹುದು. ನಿಲ್ದಾಣದ ಆಚೆ ಬರುವವರೆಗಾದರೂ ಟಿಕೆಟ್ಟು ಕೈಯಲ್ಲಿರಲಿ. ಎರಡು ಚೀಟಿ ಕೊಟ್ಟಿದ್ದರೆ ಎರಡೂ ಇರಲಿ.