ಎರಡನೇ ನಂಬರಿನವನಿಗೆ ಬಂದ ಮೆಸೇಜು

ನಾವು ಮುಧೋಳ ತಾಲ್ಲೂಕಿನ ತಿಮ್ಮಾಪುರದವರು. ಸೀಸನ್ ಶುರುವಾದರೆ ನಮ್ಮ ಕಡೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ನಾವು ಇಂಗ್ಲಿಷ್ ಮೀಡಿಯಮ್ಮಿನ ಮಂದಿ, ಕನ್ನಡ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ.

ನಮ್ಮ ದೊಡ್ಡಪ್ಪನ ಮಗ, ಅಣ್ಣ, ಇನ್‌ಸ್ಟ್ರುಮೆಂಟೇಶನ್ ಓದಿದವನು. ಹೋದ ವರ್ಷ ಸೆಪ್ಟೆಂಬರ್‌ನಾಗ ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಕೋಜನ್ ವಿಭಾಗಕ್ಕೆ ಇಂಟರ್ವ್ಯೂ ಕೊಟ್ಟಿದ್ದ. ಬರೆಯೋ ಟೆಸ್ಟು, ಟೆಕ್ನಿಕಲ್ ರೌಂಡು, ಪ್ಲಾಂಟ್ ಹೆಡ್ ಜೊತೆ ಮಾತು, ಮೂರೂ ಮುಗಿದವು. ಕೊನೆಗೆ ಉಳಿದವರು ಇಬ್ಬರು. ಹೈ ಪ್ರೆಶರ್ ಬಾಯ್ಲರ್ ಅನುಭವ ಇದ್ದವರಿಗೆ ಕೆಲಸ ಸಿಕ್ತು. ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಪುಣೆಗೆ ಹೋದ.

ಈ ವರ್ಷ ಜುಲೈ 18ಕ್ಕೆ ಅವನು ಊರಿಗೆ ಬಂದಾಗಲೇ ಆ ಕಾರ್ಖಾನೆಯ ಎಚ್‌ಆರ್ ಮೇಡಂ ಮೆಸೇಜು ಬಂತು. ಇಂಗ್ಲಿಷ್‌ನಾಗಿತ್ತು. ಅರ್ಥ ಹಿಂಗ: "ಸೆಪ್ಟೆಂಬರ್‌ನಲ್ಲಿ ನಿಮ್ಮನ್ನು ಭೇಟಿಯಾಗಿದ್ದೆವು. ಲೋಡ್ ಒಮ್ಮೆಲೇ ಹೆಚ್ಚಾದಾಗ ಬಾಯ್ಲರ್ ಡ್ರಮ್ಮಿನ ಲೆವೆಲ್ ಯಾಕೆ ಸುಳ್ಳು ತೋರಿಸುತ್ತದೆ ಅಂತ ನೀವು ಹೇಳಿದ್ದು ಪ್ಯಾನಲ್‌ಗೆ ನೆನಪಿದೆ. ಈಗ ಡಿಸ್ಟಿಲರಿಯಲ್ಲಿ ಒಂದು ಜಾಗ ತೆರೆದಿದೆ. ಇದು ಆ ಕೆಲಸವಲ್ಲ, ಬೇರೆ. ಟೆಸ್ಟು, ಟೆಕ್ನಿಕಲ್ ರೌಂಡು ಮತ್ತೆ ಬೇಡ. ಡಿಸ್ಟಿಲರಿ ಹೆಡ್ ಜೊತೆ ಒಂದೇ ಮಾತುಕತೆ. ಇನ್ನೂ ಇಬ್ಬರಿಗೆ ಕೇಳಿದ್ದೇವೆ. ಆಸಕ್ತಿ ಇಲ್ಲದಿದ್ದರೆ ಒಂದು ಸಾಲು ಬರೆದರೂ ಸಾಕು."

ತಂಗಿ ಕುಣಿದಳು. "ಅಣ್ಣಾ, ಕೆಲಸ ಸಿಕ್ತು!" ಆದರೆ ನಾವು ಇನ್ನೊಮ್ಮೆ ಓದಿದಾಗ ಗೊತ್ತಾಯ್ತು, ಇದು ಆಫರ್ ಅಲ್ಲ, ಬರೀ ಕರೆ. ಡ್ರಮ್ ಲೆವೆಲ್ ಮಾತು ಇದ್ದದ್ದಕ್ಕೇ ಇದು ನೂರು ಮಂದಿಗೆ ಒಂದೇ ಸಲ ಕಳಿಸಿದ್ದಲ್ಲ ಅಂತ ನಂಬಿದೆವು. ಲೋಡ್ ಏರಿದಾಗ ಒತ್ತಡ ಇಳಿದು, ನೀರಿನೊಳಗಿನ ಹಬೆಯ ಗುಳ್ಳೆ ಉಬ್ಬುತ್ತವೆ. ನೀರು ಕಡಿಮೆಯಾಗ್ತಿದ್ದರೂ ಲೆವೆಲ್ ಮೇಲೆ ಹೋದಂಗ ಕಾಣುತ್ತದೆ. ಇದನ್ನು ಅಣ್ಣ ಆ ರೂಮಿನಾಗ ಹೇಳಿದ್ದ. ಹಂಗ ಕುಳಿತು ಕೇಳಿದವರು ಮಾತ್ರ ಇದನ್ನ ಬರೆಯೋಕೆ ಸಾಧ್ಯ. "ನಿಮ್ಮ ಪ್ರೊಫೈಲ್ ನಮ್ಮಲ್ಲಿದೆ, ಆಸಕ್ತಿ ಇದ್ದರೆ ಡೆಪಾಸಿಟ್ ಕಟ್ಟಿ" ಅಂತ ಬರೋ ಮೆಸೇಜಿನಲ್ಲಿ ಇಂಥದ್ದು ಒಂದೂ ಇರೋದಿಲ್ಲ.

ಅಣ್ಣ ಮೊದಲು ಬರೆದಿದ್ದ ಉತ್ತರ ಹಿಂಗಿತ್ತು: "ಯೆಸ್ ಮೇಡಂ, ಯಾವಾಗ ಬೇಕಾದರೂ ಬರ್ತೀನಿ." ಕಾಕಾ ಅದನ್ನ ಓದಿ, "ಕಬ್ಬು ತೂಕ ಆಗೋಕಿಂತ ಮೊದಲ ರೊಕ್ಕ ಎಣಸಬ್ಯಾಡೋ" ಅಂದ್ರು. ಯಾವಾಗ ಬೇಕಾದರೂ ಅನ್ನೋದು ಸುಳ್ಳೇ ಆಗಿತ್ತು. ಪುಣೆಯಲ್ಲಿ ಅವನಿಗೆ 60 ದಿನದ ನೋಟಿಸ್ ಇದೆ.

ನಾವು ಕ್ಯಾಲೆಂಡರ್ ಹಿಡಿದು ಕೂತೆವು. ಆಗಸ್ಟ್ 5ಕ್ಕೆ ರಾಜೀನಾಮೆ ಕೊಟ್ಟರೆ 60 ದಿನ ಮುಗಿಯೋದು ಅಕ್ಟೋಬರ್ 4ಕ್ಕೆ. ಕಬ್ಬು ಅರೆಯೋದು ಶುರುವಾಗೋಕೆ ಇನ್ನೂ ಕೆಲವು ವಾರ ಇರುತ್ತದೆ. ಅದೇ ಹೊತ್ತಿನಲ್ಲಿ ಮಷೀನು, ಮೀಟರುಗಳನ್ನೆಲ್ಲ ತಪಾಸಣೆ ಮಾಡಿ ಸಿದ್ಧ ಮಾಡೋದು. ಮೇಡಂ ಜುಲೈನಾಗೇ ಬರೆದದ್ದು ಯಾಕಂತ ಆಗ ಅರ್ಥ ಆಯ್ತು. ಹೊಸದಾಗಿ ಜಾಹೀರಾತು ಕೊಟ್ಟು ಮೂರು ರೌಂಡು ಮಾಡಿದರೆ, ಆಯ್ಕೆಯಾದವರ ನೋಟಿಸ್ ಮುಗಿಯೋದರೊಳಗೆ ಸೀಸನ್ ಬಂದುಬಿಡುತ್ತೆ.

ಎರಡನೇ ಉತ್ತರದಲ್ಲಿ ನೋಟಿಸ್ ಎಷ್ಟು ದಿನ ಅಂತ ಮೊದಲೇ ಬರೆದ. ಸಂಬಳ, ಶಿಫ್ಟು, ಹೋದ ಸಲ ಕೊಟ್ಟ ಅಂಕ ಈಗ ಲೆಕ್ಕಕ್ಕೆ ಬರುತ್ತೋ ಇಲ್ಲವೋ, ಈ ಮೂರು ಕೇಳಿದ. ಗೊತ್ತಿಲ್ಲದ್ದನ್ನೂ ಮುಚ್ಚಲಿಲ್ಲ. ಡಿಸ್ಟಿಲರಿಯಲ್ಲಿ ಎಥನಾಲ್ ಆವಿ ಬೆಂಕಿ ಹಿಡಿಯೋಂಥದ್ದು, ಅಲ್ಲಿ ಫ್ಲೇಮ್‌ಪ್ರೂಫ್ ಇನ್‌ಸ್ಟ್ರುಮೆಂಟ್ ಬೇಕು. ಅದರಲ್ಲಿ ತನಗೆ ಅನುಭವ ಇಲ್ಲ, ಆದರೆ ಓದಿಕೊಂಡು ಬರ್ತೀನಿ ಅಂತ ಬರೆದ.

ಮರುದಿನವೇ ಉತ್ತರ ಬಂತು. ಸಂಬಳ ಪುಣೆಗಿಂತ ಸ್ವಲ್ಪ ಕಡಿಮೆ, ರಾತ್ರಿ ಶಿಫ್ಟು ಉಂಟು, ಅಂಕ ಲೆಕ್ಕಕ್ಕಿದೆ. ಫೋನಿನಲ್ಲಿ ಅರ್ಧ ತಾಸು ಮಾತಾಯ್ತು. ಆಗಸ್ಟ್ 2ಕ್ಕೆ ಆಫರ್ ಲೆಟರ್ ಕೈಗೆ ಬಂದ ಮೇಲೇ ಅಣ್ಣ ರಾಜೀನಾಮೆ ಬರೆದದ್ದು, ಅದೂ 5ನೇ ತಾರೀಖು.

ಒಂದು ಮಾತು ಮಾತ್ರ ಅವನಿಗೆ ಇನ್ನೂ ಚುಚ್ಚುತ್ತೆ. "ಹಂಗಾದ್ರ ನಾ ಇವರಿಗೆ ಎರಡನೇ ಆಯ್ಕೆನಾ?" ಅಂತ ಒಂದು ರಾತ್ರಿ ಮಾಳಿಗೆ ಮ್ಯಾಲ ಕೇಳಿದ. ನಮಗೆ ತಕ್ಷಣ ಉತ್ತರ ಹೊಳೀಲಿಲ್ಲ. ತಂಗಿ ಅಂದಳು, "ಆ ಕೆಲಸಕ್ಕ ಹೌದು. ಈ ಕೆಲಸಕ್ಕ ಮಂದಿ ಹುಡುಕೂಮುಂದ ಅವರಿಗೆ ಹಳೇ ಲಿಸ್ಟಿನ್ಯಾಗ ನಿನ್ನ ಹೆಸರೂ ನೆನಪಾಗೇತಿ, ಅಷ್ಟ."

ಅಕ್ಟೋಬರ್ 6ಕ್ಕೆ ಅವನು ಜಾಯಿನ್ ಆಗ್ತಾನೆ. ನಾವು ಹಬ್ಬದ ರಜಕ್ಕೆ ಹೋದಾಗ ಫ್ಲೇಮ್‌ಪ್ರೂಫ್ ಡಬ್ಬಿ ಒಳಗೆ ಹೆಂಗಿರುತ್ತೆ ಅಂತ ಕೇಳೋದಿದೆ.