ನನ್ನ ಫೋಟೋದಾಗ ಕಣ್ಣು ಕಾಣಬೇಕು

ಬಿಸಿಲಿಗೆ ಮುಖ ಕೊಟ್ಟು ನಿಂತ ಕುಟುಂಬದ ಫೋಟೋ ಒಂದಾದರೂ ಇಲ್ಲದ ಮನೆ ಇರಲಿಕ್ಕಿಲ್ಲ. ಗಂಡಸರ ಹುಬ್ಬು ಗಂಟಿಕ್ಕಿರುತ್ತದೆ, ಹೆಂಗಸರ ಕಣ್ಣು ಕಿರಿದಾಗಿರುತ್ತದೆ, ಮಕ್ಕಳು ಇನ್ನೇನು ಅಳುತ್ತಾರೆ ಅನ್ನುವ ಹಾಗೆ ಕಾಣುತ್ತಾರೆ. ಹುಬ್ಬಿನ ಕೆಳಗಂತೂ ಕಾಡಿಗೆ ಮೆತ್ತಿದಂಥ ನೆರಳು.

ಖಾನಾಪುರದ ನಮ್ಮ ಹಿರಿಯರ ಮನೆಯಲ್ಲಿ 1983ರ ಅಂಥದೊಂದು ಫೋಟೋ ಇದೆ. ನಮ್ಮ ಮಾವನವರು ಎಲ್ಲರ ಜೊತೆ ಕೂತದ್ದು ಅದೊಂದರಲ್ಲೇ. ಅವರು ತೀರಿಕೊಂಡ ಮೇಲೆ ಅದರಲ್ಲಿನ ಮುಖವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಕಣ್ಣಿದ್ದಲ್ಲಿ ಎರಡು ಕರಿ ಗುಳಿ. ಅಜ್ಜನನ್ನು ಎಂದೂ ನೋಡದ ನನ್ನ ಮಗಳು ಸಣ್ಣವಳಿದ್ದಾಗ, "ಅಜ್ಜಗ ಕಣ್ಣು ಕಾಣ್ತಿದ್ದಿಲ್ಲೇನು?" ಎಂದು ಕೇಳಿದಳು. ಅತ್ತೆಯವರು ಮಾತಾಡದೆ ಎದ್ದು ಒಳಗೆ ಹೋದರು. ಅಂದಿನಿಂದ ಅವರದು ಒಂದೇ ಮಾತು: "ನನ್ನ ಫೋಟೋದಾಗ ಕಣ್ಣು ಕಾಣಬೇಕು ನೋಡವ್ವಾ."

ಬೆಳಗಾವಿಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ ನಮ್ಮ ಕಾಕಾ ಇದರ ಕಾರಣ ಬಿಡಿಸಿ ಹೇಳಿದರು. ಆಗಿನ ಆಗ್ಫಾ ಕ್ಲಿಕ್‌ನಂಥ ಡಬ್ಬಿ ಕ್ಯಾಮೆರಾಗಳಿಗೆ ಬೆಳಕು ಹೆಚ್ಚು ಬೇಕಾಗುತ್ತಿತ್ತು. ಅದಕ್ಕೇ ಸೂರ್ಯ ಫೋಟೋ ತೆಗೆಯುವವರ ಬೆನ್ನಿಗಿರಬೇಕು ಎಂಬ ನಿಯಮ ಬಂತು. ಅಂದರೆ ನಿಂತವರ ಕಣ್ಣಿಗೆ ನೇರ ಬಿಸಿಲು! ಈಗಿನ ಮೊಬೈಲಿಗೆ ಅಷ್ಟು ಬೆಳಕು ಬೇಡ, ಆದರೂ ನಾವು ಆ ನಿಯಮ ಬಿಟ್ಟಿಲ್ಲ.

ಕಣ್ಣು ಕಿರಿದಾಗುವುದು ಬಿಸಿಲು ಎದುರಿಗಿರುವುದರಿಂದ. ಕರಿ ನೆರಳು ಬೀಳುವುದು ಸೂರ್ಯ ಮೇಲಿರುವುದರಿಂದ. ಎರಡೂ ಬೇರೆ ಬೇರೆ ತೊಂದರೆ. ನೆರಳನ್ನು ತಿಳಿಯಲು ಕಾಕಾ ಒಂದು ಸುಲಭದ ಅಳತೆ ಕೊಟ್ಟರು. ನೆಲದ ಮೇಲೆ ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಸೂರ್ಯ ಬಹಳ ಮೇಲಿದ್ದಾನೆ, ಹುಬ್ಬಿನ ನೆರಳು ಕಣ್ಣು ಮುಚ್ಚುತ್ತದೆ. ಉದ್ದ ಇದ್ದರೆ ಅಷ್ಟು ತ್ರಾಸಿಲ್ಲ.

ನವೆಂಬರಿನಲ್ಲಿ ಒಮ್ಮೆ ಹದಿನಾಲ್ಕು ಮಂದಿ ಖಾನಾಪುರದಲ್ಲಿ ಕೂಡಿದ್ದೆವು. ಊಟಕ್ಕೆ ಮುಂಚೆ ಫೋಟೋ ಮುಗಿಸೋಣವೆಂದು ಮೈದುನನ ಅವಸರ. ಅತ್ತೆಯವರಿಗೆ ತಲಬಾಗಿಲೂ ತುಳಸಿಕಟ್ಟೆಯೂ ಬರಬೇಕು. ಮನೆ ಪೂರ್ವಕ್ಕೆ ಮುಖ. ಮುಂಜಾನೆ ಬಾಗಿಲ ಮುಂದೆ ನಿಂತರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಹನ್ನೆರಡಕ್ಕೆ ನಿಂತರೆ ನೆತ್ತಿಯ ಮೇಲಿಂದ. "ಊಟ ಮಾಡ್ರಿ, ಮೂರಕ್ಕ ತಗಿಯೋಣು" ಅಂದೆ. ಸೂರ್ಯ ಪಶ್ಚಿಮಕ್ಕೆ ಸರಿದಾಗ ಮನೆಯ ನೆರಳು ತಾನಾಗಿ ಅಂಗಳಕ್ಕೆ ಬಂತು. ಸುಮಾರು ಹತ್ತಡಿ ಎತ್ತರದ ಸೂರಿಗೆ ಹತ್ತಡಿ ಅಗಲದ ನೆರಳು. ತುಳಸಿಕಟ್ಟೆಯೂ ಅದರೊಳಗೇ ಬಂತು.

ನೆರಳಿದ್ದರೆ ಸಾಲದು, ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಮುಖ್ಯ. ಜಗಲಿಯ ಒಳಗೆ ಹೋದರೆ ಮುಖ ಕಪ್ಪಾಗುತ್ತದೆ. ನೆರಳಿನ ಅಂಚಿನಿಂದ ಎರಡಡಿ ಒಳಗೆ, ತೆರೆದ ಆಕಾಶಕ್ಕೆ ಮುಖ ಮಾಡಿ ನಿಂತೆವು. ಒಬ್ಬರ ಭುಜಕ್ಕೂ ಬಿಸಿಲು ತಾಗಬಾರದು, ತಾಗಿದಲ್ಲಿ ಬೆಳ್ಳಗೆ ಕಲೆಯಾಗುತ್ತದೆ. ಮರದ ನೆರಳೂ ಬೇಡ. ಎಲೆಗಳ ನಡುವಿನ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗುತ್ತದೆ. ಪೊರೆಯ ಆಪರೇಷನ್ ಆದ ಮೇಲೆ ಅತ್ತೆಯವರಿಗೆ ಬಿಸಿಲಿನಲ್ಲಿ ಕಣ್ಣೀರು ಬರುತ್ತಿತ್ತು. ಆವತ್ತು ಕಣ್ಣು ಅರಳಿಸಿ ಕೂತರು.

ಬೆಳಗಾವಿಯ ಕೋಟೆ ಕೆರೆಯ ದಂಡೆಯಂಥ ಬಯಲಿನಲ್ಲಿ ನೆರಳೇ ಸಿಗದಿದ್ದರೆ? ಆಗ ಗುಂಪನ್ನೇ ತಿರುಗಿಸಿ ಬೆನ್ನಿಗೆ ಬಿಸಿಲು ಕೊಡಿ. ಮುಖ ಕಪ್ಪಾಗಿ ಕಂಡರೆ ಮೊಬೈಲಿನ ಪರದೆಯಲ್ಲಿ ಒಂದು ಮುಖದ ಮೇಲೆ ಬೆರಳು ಒತ್ತಿ, ಬೆಳಕಿನ ಗುರುತನ್ನು ಸರಿಸಿ ಹೆಚ್ಚಿಸಿ. ಹಿಂದಿನ ಆಕಾಶ ಬಿಳುಚುತ್ತದೆ, ಹೋಗಲಿ. ನಮಗೆ ಬೇಕಾದದ್ದು ಮುಖ. ಬಿಸಿಲು ಲೆನ್ಸಿಗೆ ಬಿದ್ದು ಚಿತ್ರ ಮಸುಕಾದರೆ ಇನ್ನೊಬ್ಬರು ಅಂಗೈ ಅಡ್ಡ ಹಿಡಿಯಲಿ, ಆದರೆ ಆ ಕೈ ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ. ಮೊಬೈಲಿನ ಫ್ಲಾಶ್ ಹತ್ತಡಿ ದೂರದ ಗುಂಪಿಗೆ ಮುಟ್ಟುವುದಿಲ್ಲ. ಅದರ ಬದಲು ಒಂದು ಬಿಳಿ ಧೋತರವನ್ನು ಬಿಸಿಲು ಬೀಳುವ ಕಡೆ, ಗುಂಪಿನ ಮುಂದೆ, ಚಿತ್ರದ ಹೊರಗೆ ನೆಲಕ್ಕೆ ಹಾಸಿದರೆ ಬೆಳಕು ಕೆಳಗಿನಿಂದ ಪುಟಿದು ಹುಬ್ಬಿನಡಿಯ ಕಪ್ಪನ್ನು ತಿಳಿ ಮಾಡುತ್ತದೆ. ಮುಂದೆ ಕೂತವರಿಗೆ ಇದು ಚೆನ್ನಾಗಿ ಸಿಗುತ್ತದೆ, ಹಿಂದೆ ನಿಂತವರಿಗೆ ಕಡಿಮೆ.

ಗುಡಿಯ ಮುಂದೆ ಬಿಸಿಲಿಗೇ ಮುಖ ಮಾಡಬೇಕಾಗಿ ಬಂದರೆ ಎಲ್ಲರೂ ಕಣ್ಣು ಮುಚ್ಚಿ ತುಸು ತಲೆ ತಗ್ಗಿಸಿರಲಿ. "ಒಂದು, ಎರಡು, ಮೂರು" ಅಂದ ಕೂಡಲೇ ತಲೆ ಎತ್ತಿ ಕಣ್ಣು ಬಿಟ್ಟರೆ, ಕಿರಿದಾಗುವ ಮೊದಲೇ ಒತ್ತಿಬಿಡಬಹುದು. ಇದರಿಂದ ಕಣ್ಣು ತೆರೆಯುತ್ತದೆ, ನೆರಳು ಹೋಗುವುದಿಲ್ಲ. ನೆರಳು ಹೋಗಬೇಕಾದರೆ ಒಂದು ಮೋಡ ಅಡ್ಡ ಬರುವ ತನಕ ಕಾಯಬೇಕು, ಇಲ್ಲವೇ ಹೊತ್ತು ಇಳಿಯುವ ತನಕ.